ಎರಡು ಕಾಗದ: ಒಂದಕ್ಕೆ ತಾರೀಖು ಉಂಟು, ಇನ್ನೊಂದಕ್ಕೆ ಇಲ್ಲ
ಕಾರಖಾನೆ ಇನ್‌ಸ್ಪೆಕ್ಟರು ಬಂದಾಗ ಮಗ್ಗದ ಶೆಡ್ಡಿನ ಮಾಲಕ ತಿಳಿದಿರಬೇಕಾದ್ದು

ರಬಕವಿ-ಬನಹಟ್ಟಿಯ ಓಣಿಯಲ್ಲಿ ಮಗ್ಗದ ಶೆಡ್ಡಿನ ಮುಂದೆ ಸರಕಾರಿ ಜೀಪು ನಿಂತಿತು ಅಂದರೆ ಅರ್ಧ ಊರಿಗೆ ಸುದ್ದಿ. ಹತ್ತಿರದ ಎರಡು ಶೆಡ್ಡುಗಳ ಖಟಖಟ ಸಪ್ಪಳ ತಾನಾಗಿಯೇ ನಿಲ್ಲುತ್ತದೆ. "ಸಾಹೇಬ್ರು ಬಂದಾರ, ಈಗ ಬಂದ್ ಮಾಡಸ್ತಾರ" ಎಂಬುದು ಚಹಾದಂಗಡಿಯ ಮಾತು. ಬಂದವರೆಲ್ಲ ಬಂದ್ ಮಾಡಿಸುವುದಿಲ್ಲ. ಬಂದ್ ಮಾಡಿಸುವ ಅಧಿಕಾರ ಇದ್ದವರೂ ಎಲ್ಲ ತಪ್ಪಿಗೂ ಅದನ್ನು ಬಳಸುವುದಿಲ್ಲ. ಇನ್‌ಸ್ಪೆಕ್ಟರರ ಕೈಯಿಂದ ಹೊರಬೀಳುವ ಕಾಗದಗಳಲ್ಲಿ ಮುಖ್ಯವಾದವು ಎರಡು. ಒಂದರಲ್ಲಿ "ಇಂಥ ತಾರೀಖಿನೊಳಗೆ ಸರಿಮಾಡು" ಎಂದಿರುತ್ತದೆ. ಇನ್ನೊಂದರಲ್ಲಿ "ಈಗಿಂದೀಗ ನಿಲ್ಲಿಸು" ಎಂದಿರುತ್ತದೆ. ಇವೆರಡರ ನಡುವಿನ ಅಂತರ ಗೊತ್ತಿಲ್ಲದೆ ಮೊದಲನೆಯದನ್ನು ಮೇಜಿನ ಖಾನೆಗೆ ಹಾಕಿ ಮರೆಯುವ ಮಾಲಕರೇ ಮುಂದೆ ತೊಂದರೆಗೆ ಬೀಳುತ್ತಾರೆ.

ಬಂದವರು ಯಾರು?

ಮೊದಲು ಇದನ್ನು ತಿಳಿದುಕೊಳ್ಳಬೇಕು. ಪಗಾರ, ಬೋನಸ್ಸು, ಕನಿಷ್ಠ ಕೂಲಿ ನೋಡುವವರು ಕಾರ್ಮಿಕ ಇಲಾಖೆಯವರು. ಯಂತ್ರ, ಕಟ್ಟಡ, ಬೆಂಕಿ, ಗಾಳಿ-ಬೆಳಕು ನೋಡುವವರು ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯವರು. ಜೀಪು ಒಂದೇ ತರಹ ಕಂಡರೂ ಇಲಾಖೆ ಬೇರೆ, ಅಧಿಕಾರ ಬೇರೆ. ಆದ್ದರಿಂದ ಗುರುತಿನ ಚೀಟಿ ತೋರಿಸಿ ಎಂದು ಮರ್ಯಾದೆಯಿಂದ ಕೇಳಿದರೆ ತಪ್ಪಿಲ್ಲ. ಹೆಸರು, ಹುದ್ದೆ, ಇಲಾಖೆ ಬರೆದಿಟ್ಟುಕೊಳ್ಳುವುದು ಮಾಲಕನಿಗೇ ಒಳ್ಳೆಯದು.

ಕಾಯಿದೆಯೂ ಈಗ ಬದಲಾಗಿದೆ. 1948ರ ಕಾರ್ಖಾನೆ ಕಾಯಿದೆಯ ಜಾಗದಲ್ಲಿ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂತು. ಹಳೆಯ ನಿಯಮಗಳು ಹೊಸ ಸಂಹಿತೆಗೆ ವಿರುದ್ಧವಾಗದ ಮಟ್ಟಿಗೆ ನಡೆದುಕೊಂಡು ಹೋಗುತ್ತವೆ. ಇನ್‌ಸ್ಪೆಕ್ಟರರ ಹೆಸರೂ ಉದ್ದವಾಗಿದೆ. ಈಗ ಅವರು ಇನ್‌ಸ್ಪೆಕ್ಟರ್-ಕಮ್-ಫೆಸಿಲಿಟೇಟರ್. ಅಂದರೆ ತಪಾಸಣೆ ಮಾಡುವುದರ ಜೊತೆಗೆ ಕಾಯಿದೆ ಪಾಲಿಸುವುದು ಹೇಗೆಂದು ಮಾಲಕನಿಗೂ ಕೆಲಸಗಾರನಿಗೂ ತಿಳಿಸಿಕೊಡುವುದೂ ಅವರ ಕೆಲಸ. "ಇದನ್ನ ಹೆಂಗ ಮಾಡಬೇಕ್ರಿ?" ಎಂದು ಕೇಳುವ ಹಕ್ಕು ಮಾಲಕನಿಗೆ ಇದೆ.

ನಿಮ್ಮ ಶೆಡ್ಡು ಕಾರಖಾನೆಯೋ ಅಲ್ಲವೋ

ಹಳೆಯ ಕಾಯಿದೆಯಲ್ಲಿ ವಿದ್ಯುತ್ತಿನಿಂದ ನಡೆಯುವ ಜಾಗದಲ್ಲಿ 10 ಜನ ಕೆಲಸಗಾರರಿದ್ದರೆ ಅದು ಕಾರಖಾನೆ. ಹೊಸ ಸಂಹಿತೆಯಲ್ಲಿ ಅದು 20 ಆಗಿದೆ. ವಿದ್ಯುತ್ತು ಇಲ್ಲದ ಕಡೆ 40. ಇದನ್ನು ಕೇಳಿದ ಕೂಡಲೇ ಅನೇಕ ಮಗ್ಗದ ಮಾಲಕರು "ನಮ್ಮಲ್ಲಿ ಇಪ್ಪತ್ತು ಮಂದಿ ಎಲ್ಲಿದ್ದಾರ್ರೀ" ಎಂದು ನಿಟ್ಟುಸಿರು ಬಿಟ್ಟರು. ಆದರೆ ಎಣಿಕೆಯ ರೀತಿ ಅವರು ತಿಳಿದಂತೆ ಇಲ್ಲ.

ಬನಹಟ್ಟಿಯಲ್ಲಿ 16 ಮಗ್ಗಗಳ ಒಂದು ಶೆಡ್ಡು ಇದೆ ಎಂದು ಹಿಡಿಯೋಣ. ಒಬ್ಬ ನೇಕಾರ ಎರಡು ಮಗ್ಗ ನೋಡಿಕೊಳ್ಳುತ್ತಾನೆ. ಹಗಲು ಪಾಳಿಗೆ ನೇಕಾರರು 8, ಕಂಡಿಕೆ ಸುತ್ತುವ ಹೆಣ್ಣುಮಕ್ಕಳು 3, ಜಾಬರ್ 1. ಒಟ್ಟು 12. ರಾತ್ರಿ ಪಾಳಿಗೆ ನೇಕಾರರು 8, ಜಾಬರ್ 1. ಒಟ್ಟು 9. ಯಾವ ಹೊತ್ತಿಗೆ ಒಳಗೆ ಹೋಗಿ ನೋಡಿದರೂ 12 ಜನಕ್ಕಿಂತ ಹೆಚ್ಚು ಕಾಣುವುದಿಲ್ಲ. ಕಾಯಿದೆಯ ಲೆಕ್ಕದಲ್ಲಿ ಮಾತ್ರ ಇದು 21. ಒಂದು ದಿನದ ಎಲ್ಲ ಪಾಳಿಗಳನ್ನೂ ಕೂಡಿಸಿ ಎಣಿಸಬೇಕು. ಅದೂ ಹಿಂದಿನ 12 ತಿಂಗಳಲ್ಲಿ ಯಾವುದೇ ಒಂದು ದಿನ ಅಷ್ಟು ಜನ ಇದ್ದರೂ ಸಾಕು. ದೀಪಾವಳಿ ಮುಂದೆ, ಲಗ್ನದ ಸೀಸನ್ನಿನಲ್ಲಿ ಎರಡನೆಯ ಪಾಳಿ ಹಾಕಿದ ಶೆಡ್ಡು ಆಮೇಲೆ ಒಂದೇ ಪಾಳಿಗೆ ಇಳಿದರೂ ಆ ವರ್ಷದ ಲೆಕ್ಕಕ್ಕೆ ಕಾರಖಾನೆಯೇ. ಮಜೂರಿ ಪೀಸಿನ ಲೆಕ್ಕದಲ್ಲಿ ಕೊಡುತ್ತೇವೆ, ಅವರು ನಮ್ಮ ನೌಕರರಲ್ಲ ಎಂಬ ಮಾತೂ ಇಲ್ಲಿ ನಡೆಯುವುದಿಲ್ಲ.

ಎಣಿಕೆ 10ರಿಂದ 19ರ ಒಳಗೆ ಬಂದರೆ ಅದು ಕಾರಖಾನೆ ಆಗದಿದ್ದರೂ ಸಂಹಿತೆಯ ಹೊರಗೂ ಉಳಿಯುವುದಿಲ್ಲ. ನೋಂದಣಿ ಮಾಡಿಸಬೇಕು, ಕೆಲಸಗಾರನಿಗೆ ನೇಮಕದ ಪತ್ರ ಕೊಡಬೇಕು, ಅಪಘಾತವಾದರೆ ತಿಳಿಸಬೇಕು. ಆದರೆ ಮುಂದೆ ಹೇಳುವ "ನಿಲ್ಲಿಸು" ಎಂಬ ವಿಶೇಷ ಅಧಿಕಾರ ಕಾರಖಾನೆ, ಗಣಿ, ಬಂದರು ಕೆಲಸ, ಕಟ್ಟಡ ಕೆಲಸಗಳಿಗೆ ಸೇರಿದ್ದು. ಹೀಗಾಗಿ ಮಾಲಕನ ಮೊದಲ ತಯಾರಿ ಎಂದರೆ ತನ್ನ ಶೆಡ್ಡಿನ ತಲೆಗಳನ್ನು ತಾನೇ ಪ್ರಾಮಾಣಿಕವಾಗಿ ಎಣಿಸಿಕೊಳ್ಳುವುದು.

ಒಳಗೆ ಬಂದು ಏನು ಮಾಡಬಹುದು

ಕಾರಖಾನೆ ಎಂದು ನಂಬಲು ಕಾರಣ ಇರುವ ಯಾವುದೇ ಜಾಗಕ್ಕೆ ಯುಕ್ತವಾದ ಹೊತ್ತಿನಲ್ಲಿ ಇನ್‌ಸ್ಪೆಕ್ಟರು ಬರಬಹುದು. ಮುಂಚೆ ತಿಳಿಸಿಯೇ ಬರಬೇಕು ಎಂದೇನಿಲ್ಲ. ರಾತ್ರಿ ಪಾಳಿ ನಡೆಯುವ ಶೆಡ್ಡಿಗೆ ರಾತ್ರಿಯೂ ಯುಕ್ತವಾದ ಹೊತ್ತೇ. ಯಂತ್ರ ನೋಡಬಹುದು, ಅಳತೆ ತೆಗೆದುಕೊಳ್ಳಬಹುದು, ಫೋಟೋ ಮತ್ತು ವಿಡಿಯೋ ತೆಗೆಯಬಹುದು, ಬಣ್ಣದ ರಾಸಾಯನಿಕವೋ ಗಾಳಿಯೋ ನಮೂನೆ ಒಯ್ಯಬಹುದು. ರಜಿಸ್ಟರು ಕೇಳಿದರೆ ಕೊಡಬೇಕು. ಕೆಲಸಗಾರರನ್ನು ಮಾತಾಡಿಸಬಹುದು. ಅಪಘಾತವಾಗಿದ್ದರೆ "ತನಿಖೆ ಮುಗಿಯುವ ತನಕ ಈ ಯಂತ್ರ ಮುಟ್ಟಬೇಡಿ" ಎಂದು ಹೇಳಬಹುದು.

ಬಾಗಿಲು ಹಾಕಿ "ಮಾಲಕರು ಊರಾಗಿಲ್ಲ" ಎಂದು ಹೇಳಿಸುವುದು ಅಡ್ಡಿ ಮಾಡಿದಂತೆ. ಅದೇ ಬೇರೊಂದು ಅಪರಾಧವಾಗುತ್ತದೆ. ಹಾಳಾದ ಬೆಲ್ಟಿಗೆ ಒಂದು ನೋಟೀಸು ಸಾಕಿತ್ತು. ಹಾಕಿದ ಬಾಗಿಲಿಗೆ ಕೇಸು ಬರುತ್ತದೆ.

ಮೊದಲನೆಯ ಕಾಗದ

ಈ ಎರಡು ಕಾಗದಗಳ ಪದ್ಧತಿಗೆ ಇಂಗ್ಲೆಂಡಿನಲ್ಲಿ ಚೊಕ್ಕ ಹೆಸರುಗಳಿವೆ. 1974ರ ಅಲ್ಲಿಯ ಕಾಯಿದೆ ಮೊದಲನೆಯದನ್ನು ಸುಧಾರಣಾ ನೋಟೀಸು, ಎರಡನೆಯದನ್ನು ನಿಷೇಧ ನೋಟೀಸು ಎಂದು ಕರೆಯಿತು. ಸುಧಾರಣೆಗೆ ಅಲ್ಲಿ ಕನಿಷ್ಠ 21 ದಿನ ಕೊಡಬೇಕು. ಆ ನೋಟೀಸಿನ ಮೇಲೆ ಅಪೀಲು ಹೋದರೆ ತೀರ್ಮಾನ ಆಗುವ ತನಕ ಅದು ತಡೆದು ನಿಲ್ಲುತ್ತದೆ. ನಿಷೇಧದ ಮೇಲೆ ಅಪೀಲು ಹೋದರೆ ಮಾತ್ರ, ಬೇರೆ ಹುಕುಂ ಆಗದ ಹೊರತು, ನಿಷೇಧ ನಡೆದೇ ಇರುತ್ತದೆ.

ನಮ್ಮಲ್ಲಿ ಹೆಸರು ಬೇರೆಯಾದರೂ ವಿಚಾರ ಅದಕ್ಕಿಂತ ಹಳೆಯದು. 1948ರ ಕಾಯಿದೆಯ 40ನೆಯ ಕಲಮಿನಲ್ಲೇ ಎರಡೂ ಇದ್ದವು. ಕಟ್ಟಡವೋ ಯಂತ್ರವೋ ಅಪಾಯದ ಸ್ಥಿತಿಯಲ್ಲಿದೆ ಎಂದು ಕಂಡರೆ ಏನು ಮಾಡಬೇಕು, ಯಾವ ತಾರೀಖಿನೊಳಗೆ ಮಾಡಬೇಕು ಎಂದು ಬರಹದಲ್ಲಿ ಕೊಡುವುದು ಒಂದು. ಅಪಾಯ ತಲೆಯ ಮೇಲೇ ಇದೆ ಎಂದು ಕಂಡರೆ ದುರಸ್ತಿ ಆಗುವ ತನಕ ಅದನ್ನು ಬಳಸಬೇಡಿ ಎನ್ನುವುದು ಇನ್ನೊಂದು. ಹೊಸ ಸಂಹಿತೆಯಲ್ಲಿ ಸುರಕ್ಷತೆ, ಆರೋಗ್ಯ, ಕಲ್ಯಾಣದ ವಿಷಯವಾಗಿ ಕಾರಣ ಕೇಳುವ ನೋಟೀಸು ಕೊಡುವ ಅಧಿಕಾರ ಇನ್‌ಸ್ಪೆಕ್ಟರರಿಗೆ ಇದೆ.

ತಾರೀಖು ಇರುವ ಕಾಗದ ಬಂದರೆ ಹೆದರಬೇಕಾಗಿಲ್ಲ. ಸುಮ್ಮನಿರುವಂತೆಯೂ ಇಲ್ಲ. ಅದರಲ್ಲಿ ಪ್ರತಿ ತಪ್ಪಿಗೂ ಒಂದು ಕಲಮು ನಮೂದಾಗಿರುತ್ತದೆ. ಒಂದೊಂದಕ್ಕೂ ಬೇರೆ ಬೇರೆ ಉತ್ತರ ಬರೆಯಬೇಕು. "ಎಲ್ಲಾ ಸರಿ ಮಾಡಲಾಗಿದೆ" ಎಂಬ ಒಂದು ಸಾಲು ಉತ್ತರವಾಗುವುದಿಲ್ಲ. ಕೊಟ್ಟ ಹುಕುಂ ತಪ್ಪು ಎಂದು ಅನಿಸಿದರೆ ಕೈಗೆ ಸಿಕ್ಕ ದಿನದಿಂದ 30 ದಿನದೊಳಗೆ ಮೇಲಿನವರಿಗೆ ಅಪೀಲು ಹೋಗಬಹುದು. ಅದಕ್ಕಾಗಿಯೇ ಕಾಗದ ಮುಟ್ಟಿದ ತಾರೀಖನ್ನು ಅದರ ಮೇಲೇ ಬರೆದಿಡಬೇಕು.

ಎರಡನೆಯ ಕಾಗದ

1984ರ ಡಿಸೆಂಬರಿನಲ್ಲಿ ಭೋಪಾಲದ ವಿಷಾನಿಲದ ಅನಾಹುತ ಆದ ಮೇಲೆ, 1987ರಲ್ಲಿ ಕಾರ್ಖಾನೆ ಕಾಯಿದೆಗೆ ದೊಡ್ಡ ತಿದ್ದುಪಡಿ ಬಂತು. ಆಗ ಸೇರಿದ್ದು 87-ಎ ಕಲಮು. ಒಂದು ಯಂತ್ರವನ್ನಷ್ಟೇ ಅಲ್ಲ, ಕಾರಖಾನೆಯಲ್ಲೋ ಅದರ ಒಂದು ಭಾಗದಲ್ಲೋ ಜನರನ್ನು ಕೆಲಸಕ್ಕೆ ಹಚ್ಚುವುದನ್ನೇ ನಿಲ್ಲಿಸುವ ಅಧಿಕಾರ ಅದರಿಂದ ಇನ್‌ಸ್ಪೆಕ್ಟರರಿಗೆ ಬಂತು. ಅಪಾಯ ತೆಗೆಯಲು ಬೇಕಾದ ಕನಿಷ್ಠ ಜನ ಮಾತ್ರ ಒಳಗಿರಬಹುದು. ಆ ಕಲಮಿನ ಪ್ರಕಾರ ಇನ್‌ಸ್ಪೆಕ್ಟರರ ಹುಕುಂ ಮೂರು ದಿನ ನಡೆಯುತ್ತಿತ್ತು. ಮುಂದುವರಿಸಬೇಕಾದರೆ ಮುಖ್ಯ ಇನ್‌ಸ್ಪೆಕ್ಟರರ ಹುಕುಂ ಬೇಕಿತ್ತು. ಹೊಸ ಸಂಹಿತೆಯ 38ನೆಯ ಕಲಮು ಈ ಅಧಿಕಾರವನ್ನು ಮುಂದೆ ತಂದಿದೆ. ಇದರ ಮೇಲೆ ಅಪೀಲು ಹೈಕೋರ್ಟಿಗೆ.

ಇಲ್ಲಿ ಮಾಲಕರು ಮರೆಯುವ ಮಾತು ಒಂದಿದೆ. ಹುಕುಂನಿಂದ ಕೆಲಸ ನಿಂತ ಕೆಲಸಗಾರನಿಗೆ ಆ ದಿನಗಳ ಪಗಾರ ಕೊಡಲೇಬೇಕು. ಸಾಧ್ಯವಿದ್ದರೆ ಬೇರೆ ಕೆಲಸ ಕೊಡಬೇಕು. "ಸರಕಾರ ಬಂದ್ ಮಾಡೇತಿ, ನಾ ಯಾಕ ಕೊಡ್ಲಿ" ಎಂಬ ಮಾತು ನಡೆಯುವುದಿಲ್ಲ.

16 ಮಗ್ಗದ ಶೆಡ್ಡಿನಲ್ಲಿ ಯಾವುದಕ್ಕೆ ಯಾವ ಕಾಗದ

ಮೇಲೆ ಹಿಡಿದ ಶೆಡ್ಡಿಗೇ ತಿರುಗಿ ಹೋಗೋಣ. ಇನ್‌ಸ್ಪೆಕ್ಟರು ಒಳಗೆ ಬಂದು ನಾಲ್ಕು ಸಂಗತಿ ಕಂಡರು ಎನ್ನಿ.

ಮೊದಲನೆಯದು, ಆರು ಮಗ್ಗಗಳಿಗೆ ಲಾಳಿ ತಡೆಯುವ ಸರಳು ಇಲ್ಲ. ಲಾಳಿಯ ಎರಡು ತುದಿಗೂ ಉಕ್ಕಿನ ಮೊನೆ. ಹೊಡೆತ ಹೊತ್ತು ತಪ್ಪಿದರೆ, ಪಿಕ್ಕರು ಸವೆದಿದ್ದರೆ, ಹಾಸಿನ ಎಳೆ ಜೋತುಬಿದ್ದು ದಾರಿಗೆ ಅಡ್ಡ ಬಂದರೆ ಲಾಳಿ ಹಾದಿ ಬಿಟ್ಟು ಹಾರುತ್ತದೆ. ಪಕ್ಕದ ಮಗ್ಗದವನ ಕಣ್ಣಿಗೋ ಹಣೆಗೋ ಬಡಿಯುತ್ತದೆ. ಹರಿದ ಎಳೆ ಹಚ್ಚಲು ಕೈಗೆ ಅಡ್ಡ ಬರುತ್ತದೆಂದು ನೇಕಾರನೇ ಸರಳು ಬಿಚ್ಚಿ ಮೂಲೆಗೆ ಇಟ್ಟಿರುತ್ತಾನೆ. ಪೀಸಿನ ಮಜೂರಿಯಲ್ಲಿ ಪ್ರತಿ ನಿಮಿಷವೂ ರೊಕ್ಕ. ಅವನು ಬಿಚ್ಚಿದ್ದಕ್ಕೆ ಅವನನ್ನು ಬೈದರೆ ಮುಗಿಯುವುದಿಲ್ಲ, ಹೊಣೆ ಮಾಲಕನದೇ. ಇದಕ್ಕೆ ಸಾಮಾನ್ಯವಾಗಿ ತಾರೀಖಿನ ಕಾಗದ.

ಎರಡನೆಯದು, ಮೋಟಾರಿನಿಂದ ಮಗ್ಗಕ್ಕೆ ಹೋಗುವ ಬೆಲ್ಟಿಗೂ ಪುಲ್ಲಿಗೂ ಜಾಳಿಗೆ ಇಲ್ಲ. ಕಂಡಿಕೆ ಸುತ್ತುವ ಹೆಣ್ಣುಮಕ್ಕಳು ಆ ದಾರಿಯಲ್ಲೇ ಓಡಾಡುತ್ತಾರೆ. ಸೀರೆಯ ಸೆರಗು ಒಮ್ಮೆ ಸಿಕ್ಕರೆ ಸ್ವಿಚ್ಚಿಗೆ ಕೈ ಹೋಗುವ ತನಕ ಹೊತ್ತು ಇರುವುದಿಲ್ಲ. ದಾರಿ ಬದಲಿಸಿ ಜಾಳಿಗೆ ಹಾಕಲು ತಾರೀಖು ಕೊಡಬಹುದು. ಆದರೆ ಬೆಲ್ಟು ಮೈಗೆ ತಾಗುವಷ್ಟು ಹತ್ತಿರ ಇದ್ದರೆ ಆ ಮಗ್ಗವನ್ನಷ್ಟೇ ನಿಲ್ಲಿಸಿ ಎನ್ನಲೂಬಹುದು.

ಮೂರನೆಯದು, ಕರೆಂಟಿನ ಬೋರ್ಡಿನ ಮೇಲೆ ಬೆರಳು ದಪ್ಪ ಹತ್ತಿಯ ಧೂಳು, ಫ್ಯೂಜಿನ ಜಾಗದಲ್ಲಿ ದಪ್ಪ ತಂತಿ, ಬೋರ್ಡು ಮುಟ್ಟಿದರೆ ಬೆಚ್ಚಗೆ. ಹತ್ತಿ ಧೂಳಿಗೆ ಕಿಡಿ ಬಿದ್ದರೆ ಬೆಂಕಿ ನೂಲಿನ ಗಂಟಿಗೆ ಹಾರಲು ತಡವಿಲ್ಲ. ನಾಲ್ಕನೆಯದು, ಹಿಂದಿನ ಬಾಗಿಲಿಗೆ ನೂಲಿನ ಗಂಟುಗಳನ್ನು ಒಟ್ಟಿ, ಹೊರಗಿನಿಂದ ಕೀಲಿ ಹಾಕಿದೆ.

ಈ ಕೊನೆಯ ಎರಡನ್ನು ಬಿಡಿಬಿಡಿಯಾಗಿ ನೋಡಿದರೆ ಎರಡೂ ತಿದ್ದಿಕೊಳ್ಳುವಂಥವು. ಕೂಡಿಸಿ ನೋಡಿದರೆ ಬೇರೆ ಕತೆ. ಬೆಂಕಿ ಏಳುವ ಜಾಗ ಮುಂದಿನ ಬಾಗಿಲ ಹತ್ತಿರ, ಹಿಂದಿನ ಬಾಗಿಲಿಗೆ ಕೀಲಿ, ರಾತ್ರಿ ಒಳಗೆ 9 ಜನ. ಎರಡನೆಯ ಕಾಗದ ಹುಟ್ಟುವುದು ಹೀಗೆ. ತಪ್ಪುಗಳ ಸಂಖ್ಯೆ ಎಷ್ಟೆಂದು ಇನ್‌ಸ್ಪೆಕ್ಟರು ಎಣಿಸುವುದಿಲ್ಲ. ಈ ಪಾಳಿ ಮುಗಿಯುವುದರೊಳಗೆ ಜನ ಸಾಯಬಹುದೇ ಎಂಬುದನ್ನು ನೋಡುತ್ತಾರೆ. ಮಾಲಕ ಅವರ ಎದುರಿಗೇ ಕೀಲಿ ತೆಗೆಸಿ, ಗಂಟು ಸರಿಸಿ, ಬೋರ್ಡಿನ ಕರೆಂಟು ತೆಗೆಸಿ ವೈರಮನ್ನನಿಗೆ ಹೇಳಿಕಳಿಸಿದರೆ ತಲೆಯ ಮೇಲಿನ ಅಪಾಯ ಅಲ್ಲಿಗೇ ಕಡಿಮೆಯಾಗುತ್ತದೆ. ಉಳಿದದ್ದು ತಾರೀಖಿನ ಕಾಗದಕ್ಕೆ ಬರಲು ದಾರಿ ಉಂಟು. "ನಾಳೆ ಮಾಡಸ್ತೀನ್ರಿ" ಎಂದರೆ ಆ ದಾರಿ ಮುಚ್ಚುತ್ತದೆ.

ತಾರೀಖಿನ ಕಾಗದಕ್ಕೆ ಉತ್ತರ ಹೀಗಿರಬೇಕು. ಸರಳಿನ ಬಗ್ಗೆ: ಆರು ಮಗ್ಗಗಳ ನಂಬರು, ಸರಳು ಹಾಕಿದ ತಾರೀಖು, ಲೋಹಾರನ ಬಿಲ್ಲು, ಹಾಕಿದ ಮೇಲಿನ ಫೋಟೋ. ಬೆಲ್ಟಿನ ಬಗ್ಗೆ: ಜಾಳಿಗೆಯನ್ನು ತಂತಿಯಿಂದ ಕಟ್ಟದೆ ಪಾನಾ ಹಿಡಿದೇ ಬಿಚ್ಚಬೇಕಾಗುವಂತೆ ಬೋಲ್ಟು ಹಾಕಿದ್ದು. ಏನಾದರೂ ಆ ತಾರೀಖಿನೊಳಗೆ ಆಗದಿದ್ದರೆ, ತಾರೀಖು ದಾಟುವ ಮೊದಲೇ ಕಾರಣ ಬರೆದು ಹೆಚ್ಚಿನ ದಿನ ಕೇಳಬೇಕು. ಆರ್ಡರು ಕೊಟ್ಟ ಪಾವತಿ ಜೊತೆಗಿರಬೇಕು. ತಾರೀಖು ದಾಟಿದ ಮೇಲೆ ಬರೆದ ಕಾಗದಕ್ಕೆ ಬೆಲೆ ಕಡಿಮೆ.

ಹಿಂದಿನ ರಾತ್ರಿಯ ತಯಾರಿ ಕೆಲಸಕ್ಕೆ ಬಾರದು

ತಪಾಸಣೆ ಆಗುತ್ತದೆಂದು ಗಾಳಿ ಸುದ್ದಿ ಬಂದರೆ ಕೆಲವು ಕಡೆ ರಾತ್ರಿ ಕೂತು ಹಾಜರಿ ಪುಸ್ತಕ ಬರೆಯುತ್ತಾರೆ. ಮೂರು ತಿಂಗಳ ಹಾಜರಿ ಒಂದೇ ಶಾಯಿ, ಒಂದೇ ಕೈ, ಒಂದೂ ರಜೆ ಇಲ್ಲ, ಪುಟದ ಮೂಲೆ ಮಡಿಕೆಯೂ ಬಿದ್ದಿಲ್ಲ. ಇದನ್ನು ಕಂಡುಹಿಡಿಯಲು ಯಾವ ವಿದ್ಯೆಯೂ ಬೇಡ. ಒಂದೇ ಪಾಳಿ ಎಂದು ಬರೆದು ಕರೆಂಟಿನ ಬಿಲ್ಲಿನಲ್ಲಿ ಎರಡು ಪಾಳಿಯ ಯೂನಿಟ್ಟು ಇದ್ದರೆ ಬಿಲ್ಲೇ ಸಾಕ್ಷಿ ಹೇಳುತ್ತದೆ. ಮಜೂರಿ ಚೀಟಿಯ ಹೆಸರುಗಳಿಗೂ ಹಾಜರಿಯ ಹೆಸರುಗಳಿಗೂ ತಾಳೆ ಬೀಳಬೇಕು. ಹಿಂದಿನ ಬಾಗಿಲಿನಿಂದ ನಾಲ್ಕು ಜನರನ್ನು ಹೊರಗೆ ಕಳಿಸಿದರೆ ಓಡುವ ಮಗ್ಗಗಳ ಎದುರು ಯಾರೂ ಇಲ್ಲದ್ದು ಎದ್ದು ಕಾಣುತ್ತದೆ.

ನಿಜವಾದ ತಯಾರಿ ತಿಂಗಳಿಗೆ ಒಂದು ತಾಸಿನ ಕೆಲಸ. ಮಾಲಕನೂ ಜಾಬರನೂ ಕೂಡಿ ಮುಂದಿನ ಬಾಗಿಲಿನಿಂದ ಹಿಂದಿನ ಬಾಗಿಲ ತನಕ ನಡೆದು ಬರಬೇಕು. ತಿರುಗುವುದೆಲ್ಲಕ್ಕೂ ಮುಚ್ಚಳ ಇದೆಯೇ, ಬಾಗಿಲು ಒಳಗಿನಿಂದ ತೆರೆಯುತ್ತದೆಯೇ, ಬೋರ್ಡಿನ ಮೇಲೆ ಧೂಳು ಇದೆಯೇ ನೋಡಿ ಒಂದು ನೋಟುಬುಕ್ಕಿನಲ್ಲಿ ತಾರೀಖು ಹಾಕಿ ಬರೆಯಬೇಕು. ಕಂಡ ತಪ್ಪನ್ನೂ ಬರೆಯಬೇಕು, ಸರಿಮಾಡಿದ ದಿನವನ್ನೂ ಬರೆಯಬೇಕು. ತಪ್ಪೇ ಇಲ್ಲದ ನೋಟುಬುಕ್ಕನ್ನು ಯಾರೂ ನಂಬುವುದಿಲ್ಲ.

ಕಾಗದಗಳನ್ನು ಒಂದೇ ಫೈಲಿನಲ್ಲಿ ಇಡಬೇಕು: ನೋಂದಣಿ ಅಥವಾ ಲೈಸೆನ್ಸು, ನೇಮಕ ಪತ್ರಗಳ ಪ್ರತಿ, ಹಾಜರಿ-ಮಜೂರಿ, ಅಪಘಾತದ ಪುಸ್ತಕ, ಹಿಂದಿನ ನೋಟೀಸುಗಳು ಮತ್ತು ಕೊಟ್ಟ ಉತ್ತರಗಳು. ಸೈಜಿಂಗಿಗೆ ಬಾಯ್ಲರು ಇದ್ದರೆ ಅದರ ಸರ್ಟಿಫಿಕೇಟೂ ಅಲ್ಲೇ ಇರಬೇಕು. ಸರ್ಟಿಫಿಕೇಟಿನ ಅವಧಿ ಮುಗಿದ ಬಾಯ್ಲರಿಗೆ ಉರಿ ಹಾಕುವಂತಿಲ್ಲ. ಕೆಲಸಗಾರನಿಗೆ ಪೆಟ್ಟಾಗಿ 48 ತಾಸು ಇಲ್ಲವೇ ಹೆಚ್ಚು ಹೊತ್ತು ಕೆಲಸಕ್ಕೆ ಬರಲಾಗದಿದ್ದರೆ ಅದನ್ನು ತಿಳಿಸಲೇಬೇಕು. ಆಸ್ಪತ್ರೆಯ ಚೀಟಿ ಇದ್ದು ಪುಸ್ತಕದಲ್ಲಿ ಇಲ್ಲದಿದ್ದರೆ ಉಳಿದ ಪುಸ್ತಕಗಳ ಮೇಲಿನ ನಂಬಿಕೆಯೂ ಹೋಗುತ್ತದೆ.

ಕೊನೆಯದಾಗಿ, ಮಾಲಕ ಇಲ್ಲದ ಹೊತ್ತಿಗೆ ಯಾರು ಮಾತಾಡಬೇಕು ಎಂಬುದು ಗೊತ್ತಿರಬೇಕು. ಕೀಲಿ, ಫೈಲು ಎಲ್ಲಿವೆ ಎಂದು ರಾತ್ರಿ ಪಾಳಿಯ ಜಾಬರನಿಗೂ ತಿಳಿದಿರಬೇಕು.

ಗಾಣಕ್ಕೂ ಇದೇ ಲೆಕ್ಕ

ಮುಧೋಳ, ಜಮಖಂಡಿ, ಬೀಳಗಿ ಕಡೆಯವರು ಇದು ಮಗ್ಗದವರ ಮಾತು ಎಂದು ಪುಟ ತಿರುವಬಾರದು. ಕಬ್ಬಿನ ಗಾಣದ ಎರಡು ಉರುಳೆಗಳ ನಡುವೆ ಕಬ್ಬಿನ ಜೊತೆ ಕೈ ಹೋಗುವುದು ಲಾಳಿ ಹಾರಿದ್ದಕ್ಕಿಂತ ಘೋರ. ಕಬ್ಬು ಕೊಡುವ ಬಾಯಿಗೆ ಕೈ ಉರುಳೆ ಮುಟ್ಟದಷ್ಟು ಉದ್ದದ ತಗಡಿನ ಗೂಡು, ಕಬ್ಬು ಕೊಡುವವನ ಕೈಗೆಟುಕುವಲ್ಲೇ ಬಂದ್ ಮಾಡುವ ಸ್ವಿಚ್ಚು, ಇಷ್ಟಿದ್ದರೆ ಕೈ ಉಳಿಯುತ್ತದೆ. ಕಾರಖಾನೆಯ ಒಳಗೆ ದುರಸ್ತಿ ಹಿಡಿದ ಸಣ್ಣ ಗುತ್ತಿಗೆದಾರರೂ ನೆನಪಿಡಬೇಕು: ಗುತ್ತಿಗೆಯ ಜನರೂ ಎಣಿಕೆಗೆ ಬರುತ್ತಾರೆ. 2018ರ ಡಿಸೆಂಬರ್ 16ರಂದು ಮುಧೋಳ ತಾಲೂಕಿನ ಕುಳಲಿಯಲ್ಲಿ ಡಿಸ್ಟಿಲರಿಯೊಂದರ ತ್ಯಾಜ್ಯನೀರಿನ ಘಟಕ ಸಿಡಿದು ನಾಲ್ವರು ಸತ್ತರು. ಈ ಭಾಗದ ಜನ ಅದನ್ನು ಮರೆತಿಲ್ಲ.

ದಂಡದ ಲೆಕ್ಕವನ್ನೂ ವ್ಯಾಪಾರಸ್ಥರು ವ್ಯಾಪಾರದ ಕಣ್ಣಿನಿಂದಲೇ ನೋಡಬಹುದು. ಹೊಸ ಸಂಹಿತೆಯಲ್ಲಿ ಸಾಮಾನ್ಯ ಉಲ್ಲಂಘನೆಗೇ 2 ಲಕ್ಷದಿಂದ 3 ಲಕ್ಷ ರೂಪಾಯಿ. ಕರ್ತವ್ಯ ತಪ್ಪಿದ್ದರಿಂದ ಜನ ಸತ್ತರೆ 2 ವರ್ಷದ ತನಕ ಸೆರೆ, ಇಲ್ಲವೇ 5 ಲಕ್ಷಕ್ಕೆ ಕಡಿಮೆಯಿಲ್ಲದ ದಂಡ, ಇಲ್ಲವೇ ಎರಡೂ. ಆ ದಂಡದಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದ ಪಾಲನ್ನು ಸತ್ತವನ ಮನೆಯವರಿಗೆ ಕೊಡಿಸಲು ಕೋರ್ಟಿಗೆ ಅಧಿಕಾರ ಉಂಟು. ಇನ್ನೊಂದು ಬದಿಗೆ ಆರು ಮಗ್ಗದ ಸರಳು, ನಾಲ್ಕು ಜಾಳಿಗೆ, ಒಂದು ಬೋರ್ಡಿನ ವೈರಿಂಗು ಮತ್ತು ತೆಗೆದಿಟ್ಟ ಒಂದು ಬಾಗಿಲು. ಬಾಗಿಲು ತೆರೆದಿಡಲಿಕ್ಕೆ ರೊಕ್ಕ ಬೇಕಿಲ್ಲ. ಇವತ್ತಿನ ರಾತ್ರಿ ಪಾಳಿ ಒಳಗೆ ಹೋಗುವ ಮೊದಲು ಆ ಕೀಲಿ ಎಲ್ಲಿದೆ ಎಂದು ನೋಡಿಕೊಳ್ಳುವುದು ಒಳ್ಳೆಯದು.